ಓದುವ ದಿನ, ಜೋಡಿಸುವ ದಿನ, ಬರೆಯುವ ದಿನ: ಲೇಖನ ಅರ್ಧಕ್ಕೆ ನಿಲ್ಲದಂತೆ ಮುಗಿಸುವುದು ಹೇಗೆ

ಈ ಪ್ರಶ್ನೆ ಪದೇ ಪದೇ ಬರುತ್ತದೆ: "ವಿಷಯ ಚೆನ್ನಾಗಿ ಗೊತ್ತಿದೆ. ಆದರೆ ಬರೆಯೋಕೆ ಕೂತರೆ ಎರಡು ಪ್ಯಾರಾ ಆಗಿ ನಿಂತುಬಿಡುತ್ತೆ. ಒಂದು ಲೇಖನಕ್ಕೆ ವಾರಗಟ್ಟಲೆ ಹಿಡಿಯುತ್ತೆ. ಏನು ಮಾಡಲಿ?" ಕೇಳುವವರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗಿಕೊಂಡು, ಸಂಜೆಯೋ ಭಾನುವಾರವೋ ಬರೆಯುವವರು. ಬರೆಯುತ್ತಿರುವುದು ಕಥೆಯಲ್ಲ, ಒಂದು ಊರಿನ ಇತಿಹಾಸ, ಒಂದು ಬೆಳೆ, ಒಂದು ಕಾಯ್ದೆ, ಹೀಗೆ ಮಾಹಿತಿ ಬೇಕಾಗುವ ಲೇಖನ. ಈ ಮಾರ್ಗದರ್ಶಿ ಅಂಥವರಿಗಾಗಿ.

ನಾನು ಅವರಿಗೆ ತಿರುಗಿ ಕೇಳುವುದು ಒಂದೇ: ಬರೆಯುವಾಗ ಪಕ್ಕದಲ್ಲಿ ಏನೇನು ತೆರೆದಿರುತ್ತೀರಿ? ಉತ್ತರ ಸಾಮಾನ್ಯವಾಗಿ ಇದೇ. ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್, ಎರಡು ಪಿಡಿಎಫ್, ನಡುವೆ ಮೊಬೈಲ್.

ತೊಂದರೆ ಶುರುವಾಗುವುದು ಅಲ್ಲೇ. ಲೇಖನ ಬರೆಯುವುದು ಅಂದರೆ ಮೂರು ಬೇರೆ ಬೇರೆ ಕೆಲಸ: ಹುಡುಕುವುದು, ಜೋಡಿಸುವುದು, ಹೇಳುವುದು. ಮೂರನ್ನೂ ಒಟ್ಟಿಗೆ ಮಾಡಹೊರಟಾಗ ವಾಕ್ಯದ ಮಧ್ಯದಲ್ಲಿ ಒಂದು ಇಸವಿ ಬೇಕಾಗುತ್ತದೆ. ಕೀಬೋರ್ಡ್ ಇಂಗ್ಲಿಷಿಗೆ ಬದಲಾಯಿಸಿ ಹುಡುಕುತ್ತೀರಿ. ಇಸವಿ ಸಿಗುತ್ತದೆ, ಜೊತೆಗೆ ಇನ್ನೂ ನಾಲ್ಕು ಕುತೂಹಲದ ಸಂಗತಿಯೂ ಸಿಗುತ್ತದೆ. ಅರ್ಧ ಗಂಟೆ ಆದ ಮೇಲೆ ವಾಪಸ್ ಬಂದರೆ ಆ ವಾಕ್ಯ ಎತ್ತ ಹೊರಟಿತ್ತು ಅನ್ನುವುದೇ ನೆನಪಿರುವುದಿಲ್ಲ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಭಾಗ ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಲೇಖನ ಬರೆಯುವವರು ಇದನ್ನು ಒಂದೇ ಸಂಜೆಯಲ್ಲಿ ಇಪ್ಪತ್ತು ಸಲ ಮಾಡಿಕೊಳ್ಳುತ್ತಾರೆ.

ಪರಿಹಾರ, ಮೂರನ್ನೂ ಮೂರು ಬೇರೆ ಸಿಟ್ಟಿಂಗ್‌ಗೆ ಹಾಕುವುದು. ಸಿಟ್ಟಿಂಗ್ ಅಂದರೆ ಒಮ್ಮೆ ಕೂತು ಎದ್ದೇಳುವವರೆಗಿನ ಸಮಯ. ಹೇಳೋಕೆ ಸುಲಭ. ಆದರೆ ಪ್ರತಿ ಸಿಟ್ಟಿಂಗ್ ಕೊನೆಗೆ ಕೈಯಲ್ಲಿ ಏನಿರಬೇಕು ಅನ್ನುವುದು ಗೊತ್ತಿಲ್ಲದಿದ್ದರೆ ಇದು ಕೆಲಸ ಮಾಡುವುದಿಲ್ಲ. ಆದ್ದರಿಂದ ಒಂದು ನಿಜವಾದ ವಿಷಯ ಇಟ್ಟುಕೊಂಡೇ ಹೋಗೋಣ: ಶಿವನಸಮುದ್ರದ ಜಲವಿದ್ಯುತ್ ಕೇಂದ್ರದ ಬಗ್ಗೆ 1200 ಪದಗಳ ಲೇಖನ.

ಏನೇನು ಬೇಕು

ಮೂರು ಫೈಲ್ ಸಾಕು: "ಟಿಪ್ಪಣಿ", "ಸಾಲುಗಳು", "ಕರಡು". ಕರಡು ಅಂದರೆ ತಿದ್ದುವ ಮೊದಲಿನ ಬರಹ. ಇವುಗಳ ಜೊತೆ ಒಂದು "ಪಕ್ಕದ ಪುಟ" ಇರಲಿ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊಬೈಲ್‌ನ ಟೈಮರ್ ಬೇಕು. ಎಲ್ಲವನ್ನೂ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೇ ಆನ್ಸಿ ಫಾಂಟ್‌ನಲ್ಲಿ ಮಾಡಿದ ಟಿಪ್ಪಣಿ ಬೇರೆ ಫೈಲಿಗೆ ಹಾಕಿದರೆ ಅಕ್ಷರ ಒಡೆಯುತ್ತದೆ, ಹುಡುಕಿದರೆ ಸಿಗುವುದಿಲ್ಲ.

ಹಂತ 1: ವಿಷಯವನ್ನು ಪ್ರಶ್ನೆ ಮಾಡಿಕೊಳ್ಳಿ (15 ನಿಮಿಷ)

"ಶಿವನಸಮುದ್ರ ವಿದ್ಯುತ್ ಕೇಂದ್ರ" ಅನ್ನುವುದು ವಿಷಯ. ಇದನ್ನು ಇಟ್ಟುಕೊಂಡು ಓದಲು ಹೊರಟರೆ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುವುದಿಲ್ಲ. ಕಾವೇರಿ, ಜಲಪಾತ, ದಿವಾನರು, ಟರ್ಬೈನು, ಎಲ್ಲವೂ ಬೇಕು ಅನಿಸುತ್ತದೆ.

ಅದೇ ವಿಷಯ ಪ್ರಶ್ನೆಯಾದರೆ ಹೀಗಿರುತ್ತದೆ: "1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಹತ್ತಿರದ ಮೈಸೂರನ್ನು ಬಿಟ್ಟು ಅಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ಯಾಕೆ ಹೋಯಿತು?" ಈಗ ಯಾವ ಮಾಹಿತಿ ಬೇಕು, ಯಾವುದು ಬೇಡ ಅನ್ನುವುದಕ್ಕೆ ಅಳತೆ ಸಿಕ್ಕಿತು.

ಪ್ರಶ್ನೆ ಸರಿಯಾಗಿದೆಯಾ ಅಂತ ನೋಡುವುದು ಹೇಗೆ? ಅದರಲ್ಲಿ "ಯಾಕೆ" ಅಥವಾ "ಹೇಗೆ" ಇರಬೇಕು, ಉತ್ತರ ಒಂದೇ ಪದದಲ್ಲಿ ಮುಗಿಯಬಾರದು. "ಯಾವಾಗ ಶುರುವಾಯಿತು?" ಅನ್ನುವುದಕ್ಕೆ ಉತ್ತರ ಒಂದು ಇಸವಿ ಅಷ್ಟೇ. ಅದರಿಂದ 1200 ಪದ ಹೊರಡುವುದಿಲ್ಲ. ಪ್ರಶ್ನೆಯನ್ನು ಟಿಪ್ಪಣಿ ಫೈಲಿನ ಮೊದಲ ಸಾಲಿನಲ್ಲಿ ಬರೆದಿಡಿ.

ಹಂತ 2: ಓದುವ ಸಿಟ್ಟಿಂಗ್ (90 ನಿಮಿಷ, ಹೆಚ್ಚೆಂದರೆ ಎರಡು ಸಲ)

ಈ ಸಿಟ್ಟಿಂಗ್‌ನಲ್ಲಿ ಲೇಖನದ ಒಂದು ವಾಕ್ಯವನ್ನೂ ಬರೆಯಬೇಡಿ. ಒಳ್ಳೇ ಆರಂಭ ಹೊಳೆದರೂ ಒಂದು ಸಾಲಿನಲ್ಲಿ ಗುರುತು ಹಾಕಿ ಮುಂದೆ ಹೋಗಿ.

ಪ್ರತಿ ಟಿಪ್ಪಣಿಯಲ್ಲಿ ಮೂರು ಭಾಗ ಇರಲಿ: ಸಂಗತಿ, ಎಲ್ಲಿ ಸಿಕ್ಕಿತು, ಎಷ್ಟು ಗಟ್ಟಿ. ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆಮೇಲೆ ತೊಂದರೆ ಕೊಡುವುದೂ ಅದೇ. ನಮ್ಮ ವಿಷಯದಲ್ಲೇ ನೋಡಿ. ಶಿವನಸಮುದ್ರ "ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ" ಎಂದು ಎಷ್ಟೋ ಕಡೆ ಓದುತ್ತೀರಿ. ಆದರೆ ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್ ಕೇಂದ್ರ 1897ರಲ್ಲೇ ಶುರುವಾಗಿತ್ತು. ಜಪಾನಿನ ಕ್ಯೋಟೋದಲ್ಲಿ ಕೆಯಾಗೆ ಕೇಂದ್ರ ಅದಕ್ಕೂ ಮೊದಲು, 1891ರಲ್ಲಿ ಕೆಲಸ ಮಾಡುತ್ತಿತ್ತು. ಹಾಗಾಗಿ ಟಿಪ್ಪಣಿ ಹೀಗಿರಬೇಕು:

ಸಂಗತಿ: ಏಷ್ಯಾದಲ್ಲೇ ಮೊದಲು ಎಂಬ ಮಾತು.
ಎಲ್ಲಿ: ಹಲವು ಜಾಲತಾಣ, ಒಂದರಲ್ಲಿದ್ದದ್ದನ್ನೇ ಇನ್ನೊಂದು ಹೇಳುತ್ತಿದೆ.
ಗಟ್ಟಿ: ಇಲ್ಲ. ಬಳಸಬಾರದು. ಸಿದ್ರಾಪೊಂಗ್ 1897.

"ಮೊದಲ", "ಅತಿ ದೊಡ್ಡ", "ಏಕೈಕ" ಅನ್ನುವ ಮಾತು ಎಲ್ಲಿ ಸಿಕ್ಕರೂ ಗಟ್ಟಿ ಅನ್ನುವ ಕಡೆ ಪ್ರಶ್ನೆಚಿಹ್ನೆ ಹಾಕಿ. ಎರಡನೇ ಆಧಾರ ಸಿಕ್ಕರೆ ಮಾತ್ರ ತೆಗೆಯಿರಿ. ಈ ತೀರ್ಮಾನ ಓದುವಾಗಲೇ ಆಗಿಬಿಟ್ಟರೆ ಕರಡು ಬರೆಯುವಾಗ ಆ ಅನುಮಾನ ಕೈ ಹಿಡಿದು ಎಳೆಯುವುದಿಲ್ಲ.

ಯಾವ ಆಧಾರ ಮೊದಲು ತೆರೆಯಬೇಕು ಅನ್ನುವುದಕ್ಕೆ ಪುಸ್ತಕದ ಇಸವಿಯೇ ಸುಳಿವು. ಹಳೇ ಮೈಸೂರಿನ ವಿಷಯ ಅಂದ ತಕ್ಷಣ ಎಲ್ಲರೂ ಬಿ.ಎಲ್. ರೈಸ್ ಅವರ ಗ್ಯಾಸೆಟಿಯರ್ ತೆರೆಯುತ್ತಾರೆ. ಗ್ಯಾಸೆಟಿಯರ್ ಅಂದರೆ ಒಂದು ಪ್ರದೇಶದ ಮಾಹಿತಿಯನ್ನೆಲ್ಲ ಒಟ್ಟುಮಾಡಿದ ಸರ್ಕಾರಿ ಗ್ರಂಥ. ಅದರ ಪರಿಷ್ಕೃತ ಮುದ್ರಣ ಬಂದದ್ದು 1897ರಲ್ಲಿ. 1902ರ ಕೇಂದ್ರ ಅದರಲ್ಲಿ ಹೇಗಿರುತ್ತದೆ? ಹಯವದನ ರಾಯರ ಮೈಸೂರು ಗ್ಯಾಸೆಟಿಯರ್ 1927ರಿಂದ 1930ರ ನಡುವೆ ಬಂತು. ನಮಗೆ ಅದು ಬೇಕು. ಈ ಲೆಕ್ಕಕ್ಕೆ ಒಂದು ನಿಮಿಷ ಸಾಕು, ಉಳಿಯುವುದು ಒಂದು ಸಂಜೆ.

ಇಲ್ಲಿ ಕನ್ನಡದಲ್ಲಿ ಬರೆಯುವವರು ಕಡ್ಡಾಯವಾಗಿ ಗಮನಿಸಬೇಕಾದ ಒಂದು ವಿಷಯ ಇದೆ. ನಮ್ಮ ಆಧಾರಗಳು ಬಹುತೇಕ ಇಂಗ್ಲಿಷ್‌ನಲ್ಲಿರುತ್ತವೆ. ಇಂಗ್ಲಿಷ್ ಸಾಲುಗಳನ್ನು ಹಾಗೇ ಕಾಪಿ ಮಾಡಿ ಟಿಪ್ಪಣಿಗೆ ಹಾಕಿಕೊಂಡರೆ ಓದುವ ದಿನ ಬೇಗ ಮುಗಿಯುತ್ತದೆ. ಆದರೆ ಕರಡಿನ ದಿನ ನೀವು ಬರೆಯುವುದಿಲ್ಲ, ಅನುವಾದ ಮಾಡುತ್ತೀರಿ. ಕನ್ನಡದಲ್ಲಿ "ಬರವಣಿಗೆ ನಿಂತುಹೋಯಿತು" ಅನ್ನುವವರಲ್ಲಿ ಎಷ್ಟೋ ಜನ ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ಈ ಅನುವಾದದಲ್ಲಿ. ವಾಕ್ಯ ಉದ್ದವಾಗಿ, ಕ್ರಿಯಾಪದ ಕೊನೆಗೆ ಬರುವಷ್ಟರಲ್ಲಿ ಉಸಿರು ಕಟ್ಟುತ್ತದೆ.

ಅದಕ್ಕೆ, ಒಂದು ಪುಟ ಓದಿ. ಪುಟ ಮುಚ್ಚಿ. ಆಮೇಲೆ ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಕನ್ನಡದಲ್ಲಿ ಟಿಪ್ಪಣಿ ಬರೆಯಿರಿ: "ಗಣಿಯಲ್ಲಿ ಉಗಿ ಇಂಜಿನ್ ಓಡಿಸೋಕೆ ಸೌದೆ, ಕಲ್ಲಿದ್ದಲು ಬೇಕಿತ್ತು. ಅದನ್ನು ದೂರದಿಂದ ತರಿಸುವ ಖರ್ಚು ಜಾಸ್ತಿ." ಇಸವಿ, ಹೆಸರು, ಅಂಕಿ ಮಾತ್ರ ಮತ್ತೆ ಪುಟ ತೆರೆದು ತಾಳೆ ನೋಡಿ. ಇದಕ್ಕೆ ಇನ್ನೊಂದು ಲಾಭವೂ ಇದೆ. ಬೇರೆಯವರ ವಾಕ್ಯ ಗೊತ್ತಿಲ್ಲದೆ ನಿಮ್ಮ ಲೇಖನದೊಳಗೆ ನುಸುಳುವುದಿಲ್ಲ.

ಓದುವುದನ್ನು ಯಾವಾಗ ನಿಲ್ಲಿಸಬೇಕು? ಹೊಸ ಪುಟ ತೆರೆದಾಗ ಮೊದಲೇ ಬರೆದುಕೊಂಡ ಸಂಗತಿಯೇ ಮೂರನೇ ಸಲ ಎದುರಾದರೆ ಅಲ್ಲಿಗೆ ನಿಲ್ಲಿಸಿ. ಇಲ್ಲವೇ ನಿಮ್ಮ ಪ್ರಶ್ನೆಗೆ ಟಿಪ್ಪಣಿ ನೋಡದೆ ಎರಡು ನಿಮಿಷ ಬಾಯಲ್ಲಿ ಉತ್ತರ ಹೇಳಲು ಬಂದರೆ ನಿಲ್ಲಿಸಿ. "ಇನ್ನೊಂದು ಪುಸ್ತಕ ನೋಡಿಬಿಡೋಣ" ಅನ್ನುವ ಆಸೆ ಆಗಲೂ ಇರುತ್ತದೆ. ಅದು ಹೆಚ್ಚಾಗಿ ಬರೆಯುವುದನ್ನು ಮುಂದೂಡುವ ನೆಪ. ಆ ಪುಸ್ತಕದ ಹೆಸರನ್ನು ಪಕ್ಕದ ಪುಟದಲ್ಲಿ ಬರೆದಿಟ್ಟು ಎದ್ದುಬಿಡಿ.

ಹಂತ 3: ಜೋಡಿಸುವ ಸಿಟ್ಟಿಂಗ್ (45 ನಿಮಿಷ, ಸಾಧ್ಯವಾದರೆ ಮಾರನೇ ದಿನ)

ಇದಕ್ಕೆ ರೂಪುರೇಷೆ ಅನ್ನುತ್ತಾರೆ: ಲೇಖನದಲ್ಲಿ ಯಾವ ಮಾತು ಯಾವುದರ ನಂತರ ಬರಬೇಕು ಅನ್ನುವ ಪಟ್ಟಿ. ಎಲ್ಲರೂ ಮಾಡುತ್ತಾರೆ, ಆದರೆ ಹೆಚ್ಚಿನವರದ್ದು ಹೀಗಿರುತ್ತದೆ: "ಪೀಠಿಕೆ, ಇತಿಹಾಸ, ಕೆ.ಜಿ.ಎಫ್., ತಂತ್ರಜ್ಞಾನ, ಬೆಂಗಳೂರು, ಮುಕ್ತಾಯ." ಇದು ಬರೀ ತಲೆಬರಹಗಳು. "ತಂತ್ರಜ್ಞಾನ" ಅನ್ನುವ ಪದದ ಕೆಳಗೆ ಏನು ಹೇಳಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಕರಡಿನ ದಿನ ಆ ಜಾಗಕ್ಕೆ ಬಂದಾಗ ಕೈ ನಿಲ್ಲುವುದು ಗ್ಯಾರಂಟಿ.

ರೂಪುರೇಷೆಯನ್ನು "ಸಾಲುಗಳು" ಫೈಲಿನಲ್ಲಿ ಪೂರ್ತಿ ವಾಕ್ಯಗಳಲ್ಲಿ ಬರೆಯಿರಿ. 1200 ಪದಕ್ಕೆ ಐದಾರು ವಾಕ್ಯ ಸಾಕು. ನಮ್ಮ ಲೇಖನದ್ದು ಇಲ್ಲಿದೆ:

1. 1902ರಲ್ಲಿ ಶಿವನಸಮುದ್ರದಿಂದ ಹೊರಟ ಕರೆಂಟು ಮೈಸೂರು, ಬೆಂಗಳೂರು ಎರಡನ್ನೂ ಬಿಟ್ಟು ಸುಮಾರು 92 ಮೈಲಿ, ಅಂದರೆ 148 ಕಿ.ಮೀ. ದೂರದ ಕೋಲಾರದ ಗಣಿಗಳಿಗೆ ಹೋಯಿತು.
2. ಯಾಕೆಂದರೆ ಗಣಿಯ ಯಂತ್ರಗಳು ಹಗಲೂ ರಾತ್ರಿ ಓಡಬೇಕಿತ್ತು, ಉಗಿ ಇಂಜಿನ್‌ಗಳಿಗೆ ಸೌದೆ, ಕಲ್ಲಿದ್ದಲು ತರಿಸುವುದು ದುಬಾರಿಯಾಗಿತ್ತು.
3. ಹಾಗಾಗಿ ಕೇಂದ್ರಕ್ಕೆ ಹಣ ಹಾಕುವ ಮೈಸೂರು ಸರ್ಕಾರಕ್ಕೆ, ದಿನವಿಡೀ ಕರೆಂಟು ಕೊಳ್ಳುವ ದೊಡ್ಡ ಗಿರಾಕಿ ಮೊದಲೇ ಸಿಕ್ಕಂತಾಯಿತು.
4. ಆದರೆ ಅಷ್ಟು ದೂರ ಒಯ್ಯುವಾಗ ದಾರಿಯಲ್ಲಿ ಕರೆಂಟು ಸೋರಿಹೋಗದಿರಲು ಆಗಿನ ಕಾಲಕ್ಕೆ ಬಹಳ ಹೆಚ್ಚಿನ ವೋಲ್ಟೇಜ್‌ನ ತಂತಿ ಎಳೆಯಬೇಕಾಯಿತು.
5. ಗಣಿಗೆಂದು ಕಟ್ಟಿದ ಆ ವ್ಯವಸ್ಥೆ ಇದ್ದದ್ದರಿಂದಲೇ 1905ರಲ್ಲಿ ಬೆಂಗಳೂರಿನ ಬೀದಿಗೆ, 1908ರಲ್ಲಿ ಮೈಸೂರಿಗೆ ದೀಪ ಬಂತು.

ಈಗ ಪರೀಕ್ಷೆ. ಪ್ರತಿ ವಾಕ್ಯದ ಹಿಂದಿನ ಕೊಂಡಿಪದ ನೋಡಿ. "ಯಾಕೆಂದರೆ", "ಹಾಗಾಗಿ", "ಆದರೆ" ಕೂತರೆ ಲೇಖನಕ್ಕೆ ದಾರಿ ಇದೆ. ಬರೀ "ಮತ್ತೆ", "ಇದಲ್ಲದೆ" ಮಾತ್ರ ಹೊಂದುತ್ತಿದ್ದರೆ ನಿಮ್ಮಲ್ಲಿರುವುದು ಸಂಗತಿಗಳ ಪಟ್ಟಿ, ಲೇಖನ ಅಲ್ಲ. ವಾಕ್ಯಗಳ ಜಾಗ ಅದಲುಬದಲು ಮಾಡಿ, ಅಥವಾ ಒಂದನ್ನು ತೆಗೆಯಿರಿ. ಇಲ್ಲಿ ತೆಗೆಯಲು ಅರ್ಧ ನಿಮಿಷ ಸಾಕು. ಕರಡಿನಲ್ಲಿ ಅದು ಎರಡು ಪ್ಯಾರಾ ಆಗಿ ಬೆಳೆದ ಮೇಲೆ ಕೈ ಬರುವುದಿಲ್ಲ.

ಆಮೇಲೆ ಟಿಪ್ಪಣಿಗಳನ್ನು ಈ ಐದು ವಾಕ್ಯಗಳ ಕೆಳಗೆ ಹಂಚಿ. ಕೆಲವು ಎಲ್ಲೂ ಕೂರುವುದಿಲ್ಲ. ಈ ಯೋಜನೆಯ ಹಿಂದಿದ್ದ ದಿವಾನ್ ಕೆ. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ಕೇಂದ್ರ ಶುರುವಾದದ್ದನ್ನು ನೋಡಲಿಲ್ಲ. ಮನಸ್ಸಿಗೆ ತಟ್ಟುವ ಸಂಗತಿ. ಆದರೆ "ಕೋಲಾರಕ್ಕೆ ಯಾಕೆ" ಅನ್ನುವುದಕ್ಕೆ ಅದು ಉತ್ತರ ಅಲ್ಲ. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಕೇಂದ್ರಕ್ಕೆ ನೀರು ಸಾಲದಾಗುತ್ತಿತ್ತು, 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಗೆ ಅದೂ ಒಂದು ಕಾರಣ. ಇದೂ ದೊಡ್ಡ ವಿಷಯ, ಆದರೆ ಬೇರೆ ಲೇಖನದ್ದು. ಇವೆರಡೂ ಪಕ್ಕದ ಪುಟಕ್ಕೆ ಹೋಗಲಿ. ಒಳ್ಳೇ ಸಂಗತಿಯನ್ನು ಬಿಡಲಾಗದೆ ಒದ್ದಾಡುವುದೇ ಎಷ್ಟೋ ಕರಡು ನಿಲ್ಲಲು ಕಾರಣ. ಇಡಲು ಒಂದು ಜಾಗ ಇದ್ದರೆ ಬಿಡುವುದು ಸುಲಭ.

ಏಳುವ ಮುನ್ನ ಇನ್ನೊಂದು ಹತ್ತು ನಿಮಿಷದ ಕೆಲಸ ಇದೆ: ಪದಪಟ್ಟಿ. ಲೇಖನದಲ್ಲಿ ಪದೇ ಪದೇ ಬರುವ ಐದಾರು ಪಾರಿಭಾಷಿಕ ಪದಗಳಿಗೆ ನೀವು ಏನು ಬಳಸುತ್ತೀರಿ ಅಂತ ಈಗಲೇ ತೀರ್ಮಾನಿಸಿ. ವಿದ್ಯುತ್ತಾ, ಕರೆಂಟಾ? ಪ್ರಸರಣ ಮಾರ್ಗವಾ, ತಂತಿ ಮಾರ್ಗವಾ, ಲೈನಾ? ಉಗಿ ಇಂಜಿನ್ನಾ, ಸ್ಟೀಮ್ ಇಂಜಿನ್ನಾ? ಒಂದನ್ನು ಆರಿಸಿ ಸಾಲುಗಳ ಮೇಲೆ ಬರೆದಿಡಿ. ಕನ್ನಡದಲ್ಲಿ ಮಾಹಿತಿ ಲೇಖನ ಬರೆಯುವವರ ಕೈ ಅತಿ ಹೆಚ್ಚು ಸಲ ನಿಲ್ಲುವುದು ಇಂಥ ಪದದ ಮುಂದೆ. ಪದಕೋಶ ತೆರೆದರೆ ಮತ್ತೆ ಹದಿನೈದು ನಿಮಿಷ ಹೋಯಿತು.

ರೂಪುರೇಷೆ ನಿಜಕ್ಕೂ ಉಪಯೋಗವಾ ಅಂತ ಅನುಮಾನ ಇರುವವರಿಗೆ: ಅಮೆರಿಕದ ಮನೋವಿಜ್ಞಾನಿ ರೊನಾಲ್ಡ್ ಕೆಲ್ಲಾಗ್ 1988ರಲ್ಲಿ ಕೆಲವರಿಂದ ಪತ್ರ ಬರೆಸಿ ಇದನ್ನು ಪರೀಕ್ಷಿಸಿದ್ದರು. ಮೊದಲು ರೂಪುರೇಷೆ ಹಾಕಿಕೊಂಡವರ ಪತ್ರಗಳ ಗುಣಮಟ್ಟ ಹೆಚ್ಚಿತ್ತು.

ಹಂತ 4: ಬರೆಯುವ ಸಿಟ್ಟಿಂಗ್ (25 ನಿಮಿಷದಂತೆ ಮೂರು ಸಲ)

ಟಿಪ್ಪಣಿ ಫೈಲ್ ಮುಚ್ಚಿ. ವೈಫೈ ಆಫ್ ಮಾಡಿ. ಮುಂದೆ ಸಾಲುಗಳು ಮತ್ತು ಪದಪಟ್ಟಿ ಮಾತ್ರ ಇರಲಿ. ಅದನ್ನು ಕಾಗದದ ಮೇಲೆ ಬರೆದು ಎದುರಿಗಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಟೈಮರ್ 25 ನಿಮಿಷಕ್ಕೆ ಇಡಿ, ಮಧ್ಯೆ ಐದು ನಿಮಿಷ ಎದ್ದು ಓಡಾಡಿ. ಒಂದು ಸಲಕ್ಕೆ ಒಂದೆರಡು ಸಾಲುಗಳನ್ನು ಬೆಳೆಸಿದರೆ ಸಾಕು.

ಟಿಪ್ಪಣಿ ಮುಚ್ಚಿದರೆ ಅಂಕಿ, ಹೆಸರು ಮರೆಯುತ್ತದಲ್ವಾ? ಮರೆಯಲಿ. ಅಲ್ಲಿ ಒಂದು ಗುರುತು ಹಾಕಿ ಮುಂದೆ ಹೋಗಿ. ಕನ್ನಡ ಬರಹದಲ್ಲಿ ಬೇರೆಲ್ಲೂ ಬರದ ಗುರುತು ಇರಬೇಕು. `@@` ಚೆನ್ನಾಗಿ ಕೆಲಸ ಮಾಡುತ್ತದೆ. ಎರಡು `@@` ನಡುವೆ ಏನು ಬೇಕು ಅಂತ ಬರೆಯಿರಿ. ನಾಲ್ಕನೇ ಸಾಲಿನ ಕರಡು ಹೀಗಿರಬಹುದು:

"ಕರೆಂಟು ತಂತಿಯಲ್ಲಿ ಹರಿಯುವಾಗ ಒಂದಷ್ಟು ಬಿಸಿಯಾಗಿ ಕಳೆದುಹೋಗುತ್ತದೆ. ದೂರ ಜಾಸ್ತಿಯಾದಷ್ಟೂ ನಷ್ಟ ಜಾಸ್ತಿ. ವೋಲ್ಟೇಜ್ ಹೆಚ್ಚಿಸಿದರೆ ಅಷ್ಟೇ ಶಕ್ತಿಯನ್ನು ಕಡಿಮೆ ಕರೆಂಟಿನಲ್ಲಿ ಕಳಿಸಬಹುದು, ಆಗ ನಷ್ಟ ತಗ್ಗುತ್ತದೆ. ಶಿವನಸಮುದ್ರದ ಎಂಜಿನಿಯರುಗಳು ಮಾಡಿದ್ದು ಇದನ್ನೇ. ತಂತಿಯನ್ನು `@@ಎಷ್ಟು ವೋಲ್ಟ್@@` ವೋಲ್ಟಿಗೆ ಎಳೆದರು. ಈ ಕೆಲಸದ ಉಸ್ತುವಾರಿ `@@ಎಂಜಿನಿಯರ್ ಹೆಸರು@@` ಅವರದ್ದು."

ಗಮನಿಸಿ, ಎರಡು ಖಾಲಿ ಜಾಗ ಇದ್ದರೂ ಪ್ಯಾರಾ ಮುಂದೆ ಸಾಗಿದೆ. ಅದರ ತಿರುಳು ವಿವರಣೆಯಲ್ಲಿದೆ, ಅಂಕಿಯಲ್ಲಿಲ್ಲ.

ಈ ಸಿಟ್ಟಿಂಗ್‌ನಲ್ಲಿ ಹಿಂದೆ ತಿರುಗಿ ತಿದ್ದಬೇಡಿ. ಕಾಗುಣಿತ ತಪ್ಪಿದ್ದರೂ ಬಿಡಿ, ಒತ್ತಕ್ಷರ ಎಡವಟ್ಟಾಗಿದ್ದರೂ ಬಿಡಿ. ಬ್ಯಾಕ್‌ಸ್ಪೇಸ್ ಒತ್ತುವ ಚಟ ಬಿಡಲಾಗದವರು ಅಕ್ಷರದ ಗಾತ್ರವನ್ನು ತೀರಾ ಚಿಕ್ಕದು ಮಾಡಿಕೊಂಡು ಬರೆಯಬಹುದು. ಓದಲು ಕಷ್ಟವಾದರೆ ತಿದ್ದುವ ಆಸೆಯೂ ಇಳಿಯುತ್ತದೆ.

ಕನ್ನಡ ಟೈಪಿಂಗ್ ನಿಧಾನ ಅನ್ನುವವರಿಗೆ ಮೊಬೈಲ್‌ನ ಧ್ವನಿ ಟೈಪಿಂಗ್ ಈ ಹಂತದಲ್ಲಿ ಒಳ್ಳೇ ಸಹಾಯ. ಒಂದೊಂದು ಸಾಲು ನೋಡಿಕೊಂಡು ಬಾಯಲ್ಲಿ ವಿವರಿಸುತ್ತಾ ಹೋಗಿ. ಆದರೆ ಎರಡು ಎಚ್ಚರ. ಪೂರ್ಣವಿರಾಮ ಸರಿಯಾಗಿ ಬೀಳುವುದಿಲ್ಲ, ಎಲ್ಲ ಒಂದೇ ಮುದ್ದೆಯಾಗುತ್ತದೆ. ಅದಕ್ಕೆ ಪ್ರತಿ ಮಾತು ಮುಗಿದಾಗ ಎಂಟರ್ ಒತ್ತಿ. ಹಾಗೆಯೇ ಊರಿನ, ಜನರ ಹೆಸರನ್ನು ಅದು ಏನೇನೋ ಮಾಡಿಬಿಡುತ್ತದೆ. ಹೆಸರು ಬಂದ ಕಡೆ "ಆ ಊರು", "ಆ ಎಂಜಿನಿಯರ್" ಅಂತ ಹೇಳಿ, ಆಮೇಲೆ ತುಂಬಿಸಿ.

ಆರಂಭದ ಪ್ಯಾರಾ ಬರದಿದ್ದರೆ ಅದನ್ನು ಬಿಟ್ಟು ಎರಡನೇ ಸಾಲಿನಿಂದ ಶುರು ಮಾಡಿ. ಓದುಗರಿಗೆ ಬಾಗಿಲು ಎಲ್ಲಿಡಬೇಕು ಅನ್ನುವುದು ಒಳಗೆ ಏನಿದೆ ಅಂತ ಗೊತ್ತಾದ ಮೇಲೆ ಸುಲಭ.

ಕೈ ನಿಂತಾಗ: ಯಾವ ಕೆಲಸ ಬಾಕಿ ಇದೆ ಅಂತ ನೋಡಿ

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಕೈ ನಿಲ್ಲುತ್ತದೆ. ಆಗ "ಮೂಡ್ ಇಲ್ಲ" ಅಂತ ಏಳಬೇಡಿ. ಕರಡಿನಲ್ಲಿ ಕೈ ನಿಂತರೆ ಬಹುತೇಕ ಸಲ ಹಿಂದಿನ ಒಂದು ಹಂತದ ಕೆಲಸ ಬಾಕಿ ಉಳಿದಿದೆ ಅಂತ ಅರ್ಥ. ಯಾವುದು ಅನ್ನುವುದನ್ನು ಎಲ್ಲಿ ನಿಂತಿರಿ ಅನ್ನುವುದರಿಂದಲೇ ಪತ್ತೆ ಮಾಡಬಹುದು.

ಪ್ಯಾರಾದ ಮಧ್ಯೆ ನಿಂತಿದ್ದೀರಿ, ಹೇಳುವ ವಿಷಯ ನಿಮಗೇ ಸರಿಯಾಗಿ ಅರ್ಥವಾಗಿಲ್ಲ. ಉದಾಹರಣೆಗೆ, ವೋಲ್ಟೇಜ್ ಹೆಚ್ಚಿಸಿದರೆ ನಷ್ಟ ಯಾಕೆ ಕಡಿಮೆಯಾಗುತ್ತದೆ ಅಂತ ವಿವರಿಸಲು ಬರುತ್ತಿಲ್ಲ. ಇದು ಓದುವ ಕೆಲಸ ಬಾಕಿ. `@@ನಷ್ಟ ಯಾಕೆ ಕಡಿಮೆ, ಮತ್ತೆ ಓದು@@` ಅಂತ ಬರೆದು ಮುಂದಿನ ಸಾಲಿಗೆ ಹೋಗಿ. ಈಗಲೇ ಹುಡುಕಲು ಹೋಗಬೇಡಿ.

ಒಂದು ಪ್ಯಾರಾ ಮುಗಿದಿದೆ, ಮುಂದೇನು ಅಂತ ತಿಳಿಯುತ್ತಿಲ್ಲ. ಇದು ಜೋಡಿಸುವ ಕೆಲಸ ಬಾಕಿ. ಇಲ್ಲಿ ಮಾತ್ರ ನಿಲ್ಲಿಸಿ ಸಾಲುಗಳ ಫೈಲಿಗೆ ಹೋಗುವುದು ಸರಿ. ಹೆಚ್ಚಾಗಿ ಎರಡು ಸಾಲುಗಳ ನಡುವೆ ಒಂದು ಸಾಲು ಕಾಣೆಯಾಗಿರುತ್ತದೆ. ನಮ್ಮ ಲೇಖನದಲ್ಲಿ ಮೂರರಿಂದ ನಾಲ್ಕಕ್ಕೆ ಹೋಗುವಾಗ ಹೀಗಾಗಬಹುದು: ಗಿರಾಕಿ ಸಿಕ್ಕ, ಸರಿ, ಆದರೆ ಆತ ಎಷ್ಟು ದೂರದಲ್ಲಿದ್ದ ಅಂತ ಓದುಗರಿಗೆ ನೆನಪಿಸದೆ ತಂತಿಯ ಮಾತಿಗೆ ಹಾರಿದರೆ ಕೊಂಡಿ ಕಳಚುತ್ತದೆ. ಆ ಒಂದು ವಾಕ್ಯ ಸೇರಿಸಿದರೆ ಕೈ ಮತ್ತೆ ಓಡುತ್ತದೆ.

ಒಂದೇ ವಾಕ್ಯವನ್ನು ಬರೆದು ಅಳಿಸಿ, ಬರೆದು ಅಳಿಸಿ ಮಾಡುತ್ತಿದ್ದೀರಿ. ವಿಷಯ ಗೊತ್ತು, ಮುಂದೇನು ಅಂತಲೂ ಗೊತ್ತು, ವಾಕ್ಯ ಚೆನ್ನಾಗಿಲ್ಲ ಅಷ್ಟೇ. ಇದು ತಿದ್ದುವ ಕೆಲಸ, ಹೊತ್ತಿಗೆ ಮುಂಚೆ ಬಂದುಬಿಟ್ಟಿದೆ. ಕೆಟ್ಟ ವಾಕ್ಯವನ್ನೇ ಇಟ್ಟು `@@ತಿದ್ದು@@` ಅಂತ ಹಾಕಿ ಬಿಡಿ.

ಹಂತ 5: ಖಾಲಿ ತುಂಬಿಸುವುದು (30 ನಿಮಿಷ)

ಈಗ ವೈಫೈ ಆನ್ ಮಾಡಿ, ಟಿಪ್ಪಣಿ ತೆರೆಯಿರಿ. `Ctrl+F` ಒತ್ತಿ `@@` ಹುಡುಕಿ. ಒಂದಾದ ಮೇಲೊಂದು ತುಂಬಿಸಿ. ಎಂಜಿನಿಯರ್ ಹೆಸರು ಟಿಪ್ಪಣಿಯಲ್ಲೇ ಸಿಗುತ್ತದೆ: ಜೋಲಿ ಡಿ ಲಾಟ್ಬಿನಿಯರ್.

ವೋಲ್ಟೇಜ್ ಅಂಕಿ ಟಿಪ್ಪಣಿಯಲ್ಲಿಲ್ಲ ಅಂದುಕೊಳ್ಳಿ. ಹುಡುಕಾಟಕ್ಕೆ ಐದು ನಿಮಿಷ ಕೊಡಿ. ಆಧಾರ ಗಟ್ಟಿಯಾಗದಿದ್ದರೆ ವಾಕ್ಯವನ್ನೇ ಬದಲಾಯಿಸಿ: "ಆಗಿನ ಕಾಲಕ್ಕೆ ಬಹಳ ಹೆಚ್ಚು ಅನ್ನಿಸುವ ವೋಲ್ಟೇಜ್‌ನಲ್ಲಿ ತಂತಿ ಎಳೆದರು." ನಮ್ಮ ಪ್ರಶ್ನೆಗೆ ಇಷ್ಟೇ ಸಾಕು. ಒಂದು ಅಂಕಿಗಾಗಿ ಲೇಖನವನ್ನು ವಾರ ಕಾಯಿಸುವುದು ಬೇಡ, ಅನುಮಾನದ ಅಂಕಿಯನ್ನು ಧೈರ್ಯ ಮಾಡಿ ಹಾಕುವುದಂತೂ ಬೇಡವೇ ಬೇಡ.

ಈ ಹಂತ ನಿಮ್ಮ ಹಿಂದಿನ ಹಂತಗಳ ಬಗ್ಗೆಯೂ ಹೇಳುತ್ತದೆ. 1200 ಪದದ ಕರಡಿನಲ್ಲಿ ಖಾಲಿ ಜಾಗ ಹತ್ತರೊಳಗೆ ಇದ್ದರೆ ಸರಿ. ಇಪ್ಪತ್ತು ಮೂವತ್ತು ಇದ್ದರೆ ಓದುವ ಸಿಟ್ಟಿಂಗ್ ಅರೆಬರೆ ಆಗಿತ್ತು. ಒಂದೂ ಇಲ್ಲದಿದ್ದರೆ ಬರೆಯುವಾಗ ಟಿಪ್ಪಣಿ ತೆರೆದೇ ಇತ್ತು ಅಂತ ಕಾಣುತ್ತದೆ.

ಹಂತ 6: ತಿದ್ದುವುದು (45 ನಿಮಿಷ, ಒಂದು ರಾತ್ರಿ ಕಳೆದ ಮೇಲೆ)

ಇಲ್ಲಿ ಹೆಚ್ಚು ಹೇಳುವುದಿಲ್ಲ. ಜೋರಾಗಿ ಓದಿ. ಉಸಿರು ಸಾಲದ ವಾಕ್ಯವನ್ನು ಎರಡು ಮಾಡಿ. ಪದಪಟ್ಟಿ ಇಟ್ಟುಕೊಂಡು ಒಂದೇ ವಸ್ತುವಿಗೆ ಎರಡು ಹೆಸರು ಬಳಸಿದ್ದೀರಾ ನೋಡಿ. ಕಾಗುಣಿತ ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ಅಳಿಸಿಹೋಗುವ ವಾಕ್ಯದ ಕಾಗುಣಿತ ತಿದ್ದಿ ಪ್ರಯೋಜನವಿಲ್ಲ.

ಎರಡು ಮೂರು ಲೇಖನ ಒಟ್ಟಿಗೆ ಮಾಡುವವರಿಗೆ

ಪ್ರತಿ ವಾರವೋ ತಿಂಗಳಿಗೆ ಮೂರು ನಾಲ್ಕೋ ಲೇಖನ ಕೊಡಬೇಕಾದವರು ಒಂದೇ ಬಗೆಯ ಸಿಟ್ಟಿಂಗ್‌ಗಳನ್ನು ಗುಂಪು ಮಾಡಿಕೊಳ್ಳಬಹುದು. ಆದರೆ ಬೇಕಾದ ಹಾಗೆ ಗುಂಪು ಮಾಡಿದರೆ ಆಗುವುದಿಲ್ಲ. ಒಂದೇ ಆಧಾರಗಳಿಂದ ಹುಟ್ಟುವ ಲೇಖನಗಳನ್ನು ಒಟ್ಟಿಗೆ ಇಡಿ. ಶಿವನಸಮುದ್ರಕ್ಕೆ ಓದಿದ ಗ್ಯಾಸೆಟಿಯರ್‌ನಲ್ಲೇ ಕನ್ನಂಬಾಡಿಯ ಸಾಮಗ್ರಿಯೂ ಇರುತ್ತದೆ, ಪಕ್ಕದ ಪುಟದಲ್ಲಿ ಅದಾಗಲೇ ಕೂತಿದೆ. ಅದಕ್ಕೊಂದು ಪ್ರಶ್ನೆ ಹಾಕಿಕೊಂಡರೆ ಎರಡನೇ ಲೇಖನದ ಓದು ಅರ್ಧ ಮುಗಿದಂತೆ. ಶಿವನಸಮುದ್ರದ ಜೊತೆ ಅಡಿಕೆ ಕೊಳೆರೋಗದ ಲೇಖನ ಇಟ್ಟರೆ ಇಂಥ ಲಾಭ ಇಲ್ಲ, ತಲೆ ಎರಡು ಕಡೆ ಓಡುತ್ತದೆ ಅಷ್ಟೇ.

ಬರೆಯಲು ಕಾಯುತ್ತಿರುವ ರೂಪುರೇಷೆಗಳು ಮೂರಕ್ಕಿಂತ ಹೆಚ್ಚಾಗದಿರಲಿ. ರೂಪುರೇಷೆ ಮತ್ತು ಕರಡಿನ ನಡುವೆ ಒಂದು ವಾರ ದಾಟದಿದ್ದರೆ ಒಳ್ಳೆಯದು. ತಣ್ಣಗಾದ ರೂಪುರೇಷೆಯನ್ನು ಗುರುತಿಸುವುದು ಸುಲಭ: ನೀವೇ ಬರೆದ ಸಾಲು ಓದಿದಾಗ "ಇದನ್ನು ಯಾಕೆ ಹಾಕಿದ್ದೆ?" ಅನಿಸುತ್ತದೆ. ಆಗ ಅದನ್ನು ನೋಡದೆ ಹೊಸದಾಗಿ ಐದು ಸಾಲು ಬರೆಯಿರಿ. ಹಳೆಯದನ್ನು ರಿಪೇರಿ ಮಾಡುವುದಕ್ಕಿಂತ ಇದು ಬೇಗ ಆಗುತ್ತದೆ.

ಎಲ್ಲಿ ಇದು ಹೊಂದುವುದಿಲ್ಲ

ಸುದ್ದಿ ಬರೆಯುವವರಿಗೆ ಇಷ್ಟು ಹೊತ್ತು ಇರುವುದಿಲ್ಲ. ಅವರು ಮೂರು ಸಾಲಿನ ರೂಪುರೇಷೆ ಮತ್ತು `@@` ಗುರುತು, ಇವೆರಡನ್ನು ಮಾತ್ರ ತೆಗೆದುಕೊಂಡರೆ ಸಾಕು. ಮುನ್ನೂರು ನಾನೂರು ಪದಗಳ ಚಿಕ್ಕ ಬರಹಕ್ಕೂ ಬೇರೆ ಬೇರೆ ದಿನ ಬೇಡ.

ಪ್ರಬಂಧ, ಕಥೆ, ನೆನಪಿನ ಬರಹಕ್ಕೆ ಈ ಕ್ರಮವನ್ನು ಹಾಗೇ ಹೇರಬೇಡಿ. ಅಲ್ಲಿ ಏನು ಹೇಳಬೇಕು ಅನ್ನುವುದು ಬರೆಯುತ್ತಾ ಹೋದಂತೆ ಹೊಳೆಯುತ್ತದೆ. ಮೊದಲು ಮನಸ್ಸಿಗೆ ಬಂದಂತೆ ಬರೆಯಿರಿ, ಆಮೇಲೆ ಬರೆದದ್ದರ ರೂಪುರೇಷೆ ತೆಗೆಯಿರಿ. ಐದು ವಾಕ್ಯಗಳ ಪರೀಕ್ಷೆ ಅಲ್ಲಿ ಎರಡನೇ ಕರಡಿಗೆ ಸಹಾಯಕ್ಕೆ ಬರುತ್ತದೆ.

ಕೆಲಸಕ್ಕೆ ಹೋಗುವವರಿಗೆ ಒಂದು ವಾರದ ಲೆಕ್ಕ

ಭಾನುವಾರ ಬೆಳಿಗ್ಗೆ ಪ್ರಶ್ನೆ ಮತ್ತು ಓದು. ಸೋಮವಾರ ಸಂಜೆ ಜೋಡಿಸುವುದು, ಪದಪಟ್ಟಿ. ಮಂಗಳವಾರ, ಬುಧವಾರ, ಗುರುವಾರ ದಿನಕ್ಕೊಂದು 25 ನಿಮಿಷದ ಕರಡು. ಇದನ್ನು ಬೆಳಿಗ್ಗೆ ಮೊಬೈಲ್ ಮುಟ್ಟುವ ಮುಂಚೆ ಮಾಡಲು ಸಾಧ್ಯವಾದರೆ ಮಾಡಿ. ಶುಕ್ರವಾರ ಖಾಲಿ ತುಂಬಿಸುವುದು. ಶನಿವಾರ ತಿದ್ದುವುದು. ಒಂದು ದಿನ ತಪ್ಪಿದರೆ ಮಾರನೇ ದಿನಕ್ಕೆ ತಳ್ಳಿ. ಆದರೆ ಎರಡು ಬಗೆಯ ಸಿಟ್ಟಿಂಗನ್ನು ಒಂದೇ ಸಂಜೆಗೆ ಸೇರಿಸಿ ಸರಿದೂಗಿಸಲು ಹೋಗಬೇಡಿ. ಸೇರಿಸಲೇಬೇಕಾದರೆ ಖಾಲಿ ತುಂಬಿಸುವುದು ಮತ್ತು ತಿದ್ದುವುದು ಮಾತ್ರ ಒಟ್ಟಿಗೆ ಹೋಗಬಹುದು.